ಅಸಲು ಹಾಗೇ ಉಂಟು ಅಂತ ದೊಡ್ಡಪ್ಪ ಹೇಳಿದ 20 ಲಕ್ಷದ ಲೆಕ್ಕ

"ಬಡ್ಡಿ ಮಾತ್ರ ತಿಂದದ್ದು ಮಾರಾಯ, ಅಸಲಿಗೆ ಕೈ ಹಾಕಿಲ್ಲ, ಅಸಲು ಹಾಗೇ ಉಂಟು" ಅಂತ ಡೊಂಬಿವಲಿಯ ಮನೆಯಲ್ಲಿ ದೊಡ್ಡಪ್ಪ ಕಪಾಟಿಂದ ಎಫ್‌ಡಿ ರಸೀದಿ ತೆಗೆದು ನನ್ನ ಮುಂದೆ ಇಟ್ರು. ಕುಂದಾಪುರದಿಂದ ಹುಡುಗನಾಗಿದ್ದಾಗ ಮುಂಬೈಗೆ ಬಂದು, ಥಾಣೆಯ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿ ದುಡಿದು, 2015ರ ನವೆಂಬರ್‌ನಲ್ಲಿ ರಿಟೈರ್ ಆದೋರು. ಪಿಎಫ್, ಗ್ರಾಚುಯಿಟಿ ಎಲ್ಲ ಸೇರಿ 20 ಲಕ್ಷ ಬಂತು, ಅಷ್ಟನ್ನೂ 5 ವರ್ಷಕ್ಕೆ 7 ಪರ್ಸೆಂಟಿಗೆ ಇಟ್ಟು ತಿಂಗಳು ತಿಂಗಳು ಬಡ್ಡಿ ಬರೋ ಹಾಗೆ ಮಾಡ್ಕೊಂಡ್ರು. ತಿಂಗಳಿಗೆ ಹೆಚ್ಚುಕಮ್ಮಿ 11,600 ಬರ್ತಿತ್ತು. ಮನೆ ಸ್ವಂತದ್ದು, ಇಬ್ಬರೇ ಜನ, ಸಾಕಾಗ್ತಿತ್ತು.

ದೊಡ್ಡಮ್ಮನಿಗೆ ಒಂದು ಅಭ್ಯಾಸ ಇದೆ, ಹಾಲು, ಕಿರಾಣಿ, ಗ್ಯಾಸು, ಲೈಟ್ ಬಿಲ್ಲು, ಸೊಸೈಟಿ ಮೇಂಟೆನೆನ್ಸು, ಔಷಧಿ ಎಲ್ಲಾನೂ ಗೋಡೆ ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟು, ವರ್ಷ ಮುಗಿದ ಮೇಲೂ ಆ ಕ್ಯಾಲೆಂಡರ್ ಸುರುಳಿ ಸುತ್ತಿ ಅಟ್ಟದ ಮೇಲೆ ಇಡ್ತಾರೆ. 2015ರ ನವೆಂಬರ್ ಹಾಳೆ ತೆಗೆದು ನೋಡಿದ್ರೆ ತಿಂಗಳ ಒಟ್ಟು ಖರ್ಚು 11,200. 2023ರ ನವೆಂಬರ್ ಹಾಳೆಯಲ್ಲಿ 17,300. ಅದೇ ಇಬ್ಬರು, ಅದೇ ಅಡುಗೆ, ಅದೇ ಗಂಜಿ ಊಟ. ರಸೀದಿಯಲ್ಲಿ ಮಾತ್ರ ಅದೇ 20,00,000.

ನಾನು ಹೇಳ್ಬೇಕು ಅಂತಿರೋದು ಇದೇ ಎರಡು ಕಾಗದದ ನಡುವಿನ ವಿಷಯ. ಎಫ್‌ಡಿ ಒಳ್ಳೇದಾ, ಚಿನ್ನ ಒಳ್ಳೇದಾ, ಶೇರು ಒಳ್ಳೇದಾ, ಕ್ರಿಪ್ಟೋ ಒಳ್ಳೇದಾ ಅಂತ ನಾವು ಕೂತು ವಾದ ಮಾಡುವಾಗ ಎಲ್ಲರೂ ರಸೀದಿಯ ನಂಬರ್ ಹಿಡ್ಕೊಂಡೇ ಮಾತಾಡ್ತೀವಿ, ಕ್ಯಾಲೆಂಡರಿನ ಹಿಂಬದಿ ಯಾರೂ ನೋಡಲ್ಲ. ರಸೀದಿಯಲ್ಲಿರೋ ಬಡ್ಡಿ ಕಾಗದದ ಬಡ್ಡಿ. ಬೆಲೆ ಏರಿಕೆ ಕಳೆದು ಉಳಿಯೋದು ನಿಜವಾದ ಗಳಿಕೆ. ಈ ಎರಡರ ನಡುವಿನ ಅಂತರ ಒಂದು ವರ್ಷಕ್ಕೆ ಸಣ್ಣದಾಗಿ ಕಾಣತ್ತೆ, ಎಂಟು ಹತ್ತು ವರ್ಷಕ್ಕೆ ಸಂಸಾರದ ದಿಕ್ಕೇ ಬದಲಾಗೋವಷ್ಟು ಆಗತ್ತೆ.

ಲೆಕ್ಕ ಹೀಗೆ. 100 ರೂಪಾಯಿ 7 ಪರ್ಸೆಂಟಲ್ಲಿ ವರ್ಷದ ಕೊನೆಗೆ 107 ಆಯ್ತು. ಅದೇ ವರ್ಷ 100 ರೂಪಾಯಿಗೆ ಬರ್ತಿದ್ದ ಸಾಮಾನಿಗೆ ಈಗ 105 ಕೊಡಬೇಕು ಅಂದ್ರೆ, 107ನ್ನ 1.05ರಿಂದ ಭಾಗಿಸಿ, 101.9 ಬರತ್ತೆ. ಅಂದ್ರೆ ನಿಮ್ಮ ಕೈಗೆ ಹೆಚ್ಚಿಗೆ ಸಿಕ್ಕಿದ್ದು 7 ರೂಪಾಯಿ ಸಾಮಾನಲ್ಲ, 1 ರೂಪಾಯಿ 90 ಪೈಸೆ ಸಾಮಾನು. 7ರಲ್ಲಿ 5 ಕಳೆದು 2 ಅಂದ್ರೂ ನಮ್ಮ ಮಟ್ಟಿಗೆ ಸಾಕು. ಆದ್ರೆ ವರ್ಷ ಜಾಸ್ತಿ ಇದ್ದಾಗ ಕಳೆಯೋದು ಬಿಟ್ಟು ಭಾಗಿಸೋದೇ ಸರಿ, ಕಳೆಯೋ ಲೆಕ್ಕದಲ್ಲಿ ತಪ್ಪು ವರ್ಷ ವರ್ಷ ಬೆಳೀತಾ ಹೋಗತ್ತೆ.

ಈಗ ದೊಡ್ಡಪ್ಪನ ಮಾತಿಗೆ ಬರೋಣ. ಅವರಿಗೆ ಸಿಗ್ತಿದ್ದ 7ರಲ್ಲಿ 5 ಭಾಗ ಅಸಲು ಸವೆದಿದ್ದಕ್ಕೆ ಬಂದ ಭರ್ತಿ, 2 ಭಾಗ ಮಾತ್ರ ಗಳಿಕೆ. ಅವರು 7ನ್ನೂ ಖರ್ಚು ಮಾಡಿದ್ರು. ಹಾಗಾಗಿ ಅಸಲಿಗೆ ಕೈ ಹಾಕಿಲ್ಲ ಅನ್ನೋದು ಕಾಗದದಲ್ಲಿ ನಿಜ, ಬಜಾರಲ್ಲಿ ನಿಜ ಅಲ್ಲ. ಮನೆಗೆ ಬೇಕಾದ ಸಾಮಾನಿನ ಬೆಲೆ ಎಷ್ಟು ಏರಿತು ಅಂತ ಸರ್ಕಾರ ಅಳೆಯೋ ಗ್ರಾಹಕ ಬೆಲೆ ಸೂಚ್ಯಂಕ 2015ರ ನವೆಂಬರಿಂದ 10 ವರ್ಷದಲ್ಲಿ ಸುಮಾರು 1.55 ಪಟ್ಟಾಗಿದೆ. 20 ಲಕ್ಷವನ್ನ 1.55ರಿಂದ ಭಾಗಿಸಿದ್ರೆ 12.9 ಲಕ್ಷ. ಅಂದ್ರೆ ರಿಟೈರ್ ಆದ ದಿನದ ದುಡ್ಡಿನ ಲೆಕ್ಕದಲ್ಲಿ 7 ಲಕ್ಷ ಆಗಲೇ ಖರ್ಚಾಗಿದೆ, ಯಾರೂ ಬ್ಯಾಂಕಿಗೆ ಹೋಗಿ ತೆಗೆದಿಲ್ಲ, ಅಷ್ಟೇ.

ಇದರ ಜೊತೆಗೆ ಇನ್ನೊಂದು ಪೆಟ್ಟು ಬಿತ್ತು. 2020ರಲ್ಲಿ ಎಫ್‌ಡಿ ಮೆಚ್ಯೂರ್ ಆದಾಗ ಕೊರೊನಾ ಕಾಲ, ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡೋ ರೆಪೊ ದರ 4 ಪರ್ಸೆಂಟಿಗೆ ಇಳಿಸಿತ್ತು, ಎಲ್ಲಾ ಕಡೆ ಬಡ್ಡಿ ಬಿದ್ದಿತ್ತು. ಸೀನಿಯರ್ ಸಿಟಿಜನ್ ಅಂತ ಸೇರಿಸಿಯೂ 6 ಪರ್ಸೆಂಟೇ ಸಿಕ್ಕಿದ್ದು, ತಿಂಗಳಿಗೆ 10,000. ಆ ವರ್ಷ ಬೆಲೆ ಏರಿಕೆ 6 ದಾಟಿತ್ತು. 2015ರಿಂದ ಅಷ್ಟೊತ್ತಿಗೆ ಬೆಲೆಗಳು 25 ಪರ್ಸೆಂಟ್ ಏರಿದ್ದವು, ಹಾಗಾಗಿ ಆ 10,000 ಅಂದ್ರೆ ಹಳೇ ಲೆಕ್ಕದಲ್ಲಿ 8,000. ಐದೇ ವರ್ಷದಲ್ಲಿ 11,600 ಇದ್ದದ್ದು 8,000ಕ್ಕೆ ಬಂತು. ದೊಡ್ಡಪ್ಪ ಅದನ್ನ "ಬಡ್ಡಿ 1,600 ಕಮ್ಮಿ ಆಯ್ತು" ಅಂತ ಮಾತ್ರ ನೆನಪಿಟ್ಕೊಂಡಿದ್ದಾರೆ. ಅದರ ಎರಡು ಪಟ್ಟಿಗಿಂತ ಜಾಸ್ತಿ ಹೋಗಿದೆ.

ಹಾಗಾದ್ರೆ ಬೇರೆ ಕಡೆ ಇಟ್ಟಿದ್ರೆ? ಈ ಪ್ರಶ್ನೆ ಬಂದೇ ಬರತ್ತೆ, ಅವತ್ತೂ ಬಂತು, ಯಾಕಂದ್ರೆ ಅಲ್ಲಿ ಚಿನ್ನದ ಪರವಾಗಿ ಅತ್ತೆ ಇದ್ರು, ಪುಣೆಯಲ್ಲಿ ಐಟಿ ಕೆಲಸದಲ್ಲಿರೋ ಚಿಕ್ಕಪ್ಪನ ಮಗ ಕ್ರಿಪ್ಟೋ ಪರ. ನಾಲ್ಕನ್ನೂ ಒಂದೇ ಅವಧಿಗೆ ಹಿಡಿದು ನೋಡೋದು ನ್ಯಾಯ. ನಾನು 2015ರ ನವೆಂಬರಿಂದ 2023ರ ನವೆಂಬರ್ ಅಂತ 8 ವರ್ಷ ತಗೊಂಡೆ, ಅದಕ್ಕೊಂದು ಕಾರಣ ಇದೆ, ಸರ್ಕಾರ ಕಾಗದದ ರೂಪದಲ್ಲಿ ಮಾರಿದ ಚಿನ್ನ ಅಂದ್ರೆ ಸಾವರಿನ್ ಗೋಲ್ಡ್ ಬಾಂಡಿನ ಮೊದಲ ಕಂತು ಶುರುವಾಗಿ ಮುಗಿದಿದ್ದು ಸರಿಯಾಗಿ ಇದೇ 8 ವರ್ಷದಲ್ಲಿ, ಹಾಗಾಗಿ ಚಿನ್ನದ ರೇಟು ಅವರಿವರು ಹೇಳಿದ್ದಲ್ಲ, ಸರ್ಕಾರವೇ ಕೊಟ್ಟಿದ್ದು ತಗೊಂಡಿದ್ದು. ಈ 8 ವರ್ಷದಲ್ಲಿ ಸೂಚ್ಯಂಕ ಸುಮಾರು 1.47 ಪಟ್ಟಾಯ್ತು. ಅಂದ್ರೆ 1 ಲಕ್ಷ ಹಾಕಿದವನಿಗೆ 2023ರಲ್ಲಿ 1.47 ಲಕ್ಷ ಬಂದ್ರೆ ಅವನು ಹೊರಟ ಜಾಗದಲ್ಲೇ ಇದ್ದಾನೆ, ಒಂದು ಹೆಜ್ಜೆನೂ ಮುಂದೆ ಹೋಗಿಲ್ಲ. ಈ 1.47 ಗೆರೆ ಮನಸ್ಸಲ್ಲಿಟ್ಕೊಳ್ಳಿ.

ಎಫ್‌ಡಿಯಲ್ಲಿ 1 ಲಕ್ಷ, 7 ಪರ್ಸೆಂಟ್, ಬಡ್ಡಿ ತೆಗೀದೆ ಹಾಗೇ ಬೆಳೆಯೋಕೆ ಬಿಟ್ಟಿದ್ರೆ, 8 ವರ್ಷಕ್ಕೆ 1.72 ಲಕ್ಷ. ಗೆರೆ ಮೇಲಿದೆ, ವರ್ಷಕ್ಕೆ 2 ಪರ್ಸೆಂಟಿನಷ್ಟು ನಿಜವಾದ ಗಳಿಕೆ. ಆದ್ರೆ ಇದು ಟ್ಯಾಕ್ಸ್ ಕಟ್ಟದವನ ಲೆಕ್ಕ.

ಟ್ಯಾಕ್ಸ್ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಎಫ್‌ಡಿ ಸೋಲೋದು ಬಹಳ ಸಲ ಇಲ್ಲೇ. ಆದಾಯ ತೆರಿಗೆಯವರು ಬಡ್ಡಿ ನೋಡ್ತಾರೆ, ಬೆಲೆ ಏರಿಕೆ ನೋಡಲ್ಲ. 7 ರೂಪಾಯಿ ಬಡ್ಡಿಯಲ್ಲಿ 5 ರೂಪಾಯಿ ಸವಕಳಿಯ ಭರ್ತಿ ಅಂದ್ವಲ್ಲ, ಆ 5ರ ಮೇಲೂ ಟ್ಯಾಕ್ಸ್ ಇದೆ. 30 ಪರ್ಸೆಂಟ್ ಸ್ಲ್ಯಾಬಲ್ಲಿ ಇರೋರಿಗೆ ಸೆಸ್ ಸೇರಿ 31.2. 7ರಲ್ಲಿ ಅದು ಹೋದ್ರೆ ಕೈಗೆ ಬರೋದು 4.8. 8 ವರ್ಷ ಹಾಗೇ ಬೆಳೆಸಿದ್ರೆ 1 ಲಕ್ಷ 1.46 ಲಕ್ಷ ಆಗತ್ತೆ. ಗೆರೆ ಇದ್ದಿದ್ದು 1.47. ಎಂಟು ವರ್ಷ ದುಡ್ಡು ಮುಟ್ಟದೆ ಕಾದು, ವರ್ಷ ವರ್ಷ ಟ್ಯಾಕ್ಸ್ ಕಟ್ಟಿ, ಕೊನೆಗೆ ಸಿಕ್ಕಿದ್ದು ಶುರುವಿನ ಬೆಲೆಗಿಂತ ಒಂದು ಎಳೆ ಕಮ್ಮಿ. ಅದೇ 20 ಪರ್ಸೆಂಟ್ ಸ್ಲ್ಯಾಬಿನವರಿಗೆ 1.54 ಲಕ್ಷ, ಅಂದ್ರೆ ಎಂಟು ವರ್ಷಕ್ಕೆ ಒಟ್ಟು 5 ಪರ್ಸೆಂಟಿನಷ್ಟು ನಿಜವಾದ ಗಳಿಕೆ, ವರ್ಷಕ್ಕೆ ಅಲ್ಲ, ಎಂಟೂ ವರ್ಷ ಸೇರಿ.

ಹಾಗಾಗಿ "ಎಫ್‌ಡಿ ರಿಟರ್ನ್ ಎಷ್ಟು" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ, ಯಾರ ಹೆಸರಲ್ಲಿದೆ ಅನ್ನೋದರ ಮೇಲೆ ಇದೆ. ದೊಡ್ಡಪ್ಪನ ಆದಾಯ ಅಂದ್ರೆ ಈ ಬಡ್ಡಿ ಮಾತ್ರ, ಅವರು ಟ್ಯಾಕ್ಸ್ ಕಟ್ಟೋದೇ ಇಲ್ಲ, ಅವರಿಗೆ ಎಫ್‌ಡಿ ಗೆರೆ ಮೇಲೆ ಇರತ್ತೆ. ಅದೇ ಬ್ಯಾಂಕಲ್ಲಿ ಅದೇ ದಿನ ಅದೇ ರೇಟಿಗೆ ಇಟ್ಟ, ದೊಡ್ಡ ಸಂಬಳದ ಅವರ ಮಗನಿಗೆ ಅದು ಗೆರೆ ಕೆಳಗೆ. ಟಿಡಿಎಸ್ ಹಿಡಿದಿಲ್ಲ ಅಂದ್ರೆ ಟ್ಯಾಕ್ಸ್ ಇಲ್ಲ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ, ಅದು ತಪ್ಪು, ಟಿಡಿಎಸ್ ಅನ್ನೋದು ಬ್ಯಾಂಕ್ ಮುಂಚೆ ಹಿಡಿದು ಕಟ್ಟೋ 10 ಪರ್ಸೆಂಟ್ ಮಾತ್ರ, ಬಾಕಿ ರಿಟರ್ನ್ ಫೈಲ್ ಮಾಡುವಾಗ ಬರತ್ತೆ.

ಚಿನ್ನಕ್ಕೆ ಬರೋಣ. ಗೋಲ್ಡ್ ಬಾಂಡಿನ ಮೊದಲ ಕಂತು ಗ್ರಾಮಿಗೆ 2,684 ರೂಪಾಯಿಗೆ ಕೊಟ್ಟಿದ್ರು, 2023ರಲ್ಲಿ ವಾಪಸ್ ಕೊಟ್ಟಿದ್ದು 6,132. ಅಂದ್ರೆ 1 ಲಕ್ಷ 2.28 ಲಕ್ಷ ಆಯ್ತು. 1.47ರಿಂದ ಭಾಗಿಸಿದ್ರೆ 1.55, ವರ್ಷಕ್ಕೆ ಐದೂವರೆಗೂ ಸ್ವಲ್ಪ ಮೇಲೆ ನಿಜವಾದ ಗಳಿಕೆ. ಅದರ ಮೇಲೆ ಬಾಂಡಿನ ಬಡ್ಡಿ ಬೇರೆ, ಮೆಚ್ಯೂರಿಟಿಯಲ್ಲಿ ಬಂದ ಲಾಭಕ್ಕೆ ಟ್ಯಾಕ್ಸೂ ಇರಲಿಲ್ಲ. ಅತ್ತೆಗೆ ಭಾರಿ ಖುಷಿ ಆಯ್ತು, "ನಾನು ಹೇಳಿದ್ನಲ್ಲ" ಅಂದ್ರು. ಆದ್ರೆ ಅತ್ತೆ ತಗೊಂಡಿದ್ದು ಬಾಂಡಲ್ಲ, ಬಳೆ. ಮಜೂರಿ 12 ಪರ್ಸೆಂಟ್, ಜಿಎಸ್‌ಟಿ 3 ಅಂತ ಹಿಡಿದ್ರೆ ಅಂಗಡಿಯಲ್ಲಿ 1 ಲಕ್ಷ ಕೊಟ್ಟವರ ಕೈಗೆ ಬರೋ ಚಿನ್ನ 87 ಸಾವಿರದ್ದು. ಮಾರೋಕೆ ಹೋದಾಗ ಆ 87ರ ಚಿನ್ನಕ್ಕೇ ರೇಟು ಕಟ್ಟೋದು, ಮಜೂರಿ ವಾಪಸ್ ಬರಲ್ಲ. ಚಿನ್ನ ಬೆಲೆ ಏರಿಕೆಯಷ್ಟೇ ಏರಿದ್ರೂ ಬಳೆಯವರು 13 ಪರ್ಸೆಂಟ್ ಹಿಂದೇನೇ ಇರ್ತಾರೆ. ಹಾಕ್ಕೊಳ್ಳೋಕೆ ಅಂತ ತಗೊಂಡ್ರೆ ಅದು ಬೇರೆ ಮಾತು, ಅದಕ್ಕೊಂದು ಸಂತೋಷ ಇದೆ, ಅದನ್ನ ಯಾವ ಲೆಕ್ಕದಲ್ಲೂ ಕಳೀಬಾರದು.

ಶೇರು. 2015ರ ನವೆಂಬರ್ ಕೊನೆಗೆ ಸೆನ್ಸೆಕ್ಸ್ 26 ಸಾವಿರ ಚಿಲ್ಲರೆ, 2023ರ ನವೆಂಬರ್ ಕೊನೆಗೆ 67 ಸಾವಿರದ ಹತ್ತಿರ. 1 ಲಕ್ಷ 2.56 ಲಕ್ಷ, ಡಿವಿಡೆಂಡ್ ಬಿಟ್ಟು. ಬೆಲೆ ಏರಿಕೆ ಭಾಗಿಸಿದ್ರೆ 1.74, ವರ್ಷಕ್ಕೆ 7 ಪರ್ಸೆಂಟ್ ನಿಜವಾದ ಗಳಿಕೆ. ಇದಕ್ಕೆ ಒಳಗಿನ ಕಾರಣ ಒಂದಿದೆ. ಬಿಸ್ಕೆಟ್ ಕಂಪನಿಗೆ ಗೋಧಿ ಹಿಟ್ಟು ದುಬಾರಿ ಆದ್ರೆ ಅದು ಪ್ಯಾಕೆಟ್ ಬೆಲೆ ಏರಿಸತ್ತೆ, ಇಲ್ಲಾಂದ್ರೆ 5 ರೂಪಾಯಿ ಪ್ಯಾಕೆಟಿನಲ್ಲಿ ಗ್ರಾಮ್ ಕಮ್ಮಿ ಮಾಡತ್ತೆ, ದೊಡ್ಡಮ್ಮನ ಕ್ಯಾಲೆಂಡರಲ್ಲಿ ಏರಿದ ಖರ್ಚು ಆ ಕಂಪನಿಯ ಪುಸ್ತಕದಲ್ಲಿ ಏರಿದ ಮಾರಾಟ. ಎಫ್‌ಡಿಯಲ್ಲಿ ಹಾಗಿಲ್ಲ, 5 ವರ್ಷಕ್ಕೆ ಬಡ್ಡಿ ಬರೆದು ಸಹಿ ಹಾಕಿದ ಮೇಲೆ ಬೆಲೆ ಎಷ್ಟೇ ಏರಲಿ ಬ್ಯಾಂಕ್ ಒಂದು ಪೈಸೆ ಹೆಚ್ಚು ಕೊಡಲ್ಲ. ಆದ್ರೆ ಎಲ್ಲಾ ಕಂಪನಿಗೂ ಬೆಲೆ ಏರಿಸೋ ತಾಕತ್ತು ಇರಲ್ಲ, ಮತ್ತೆ ಬೆಲೆ ಜೋರಾಗಿ ಏರಿದಾಗ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸತ್ತೆ, ಆಗ ಶೇರು ಮೊದಲು ಬೀಳತ್ತೆ, ಭರ್ತಿ ಆಗೋದು ವರ್ಷಗಟ್ಟಲೆ ಆದ್ಮೇಲೆ.

ಬಿಟ್‌ಕಾಯಿನ್ ಈ 8 ವರ್ಷದಲ್ಲಿ ನೂರು ಪಟ್ಟಿಗೂ ಹೆಚ್ಚಾಯ್ತು. ಅದರ ಮುಂದೆ 1.47 ಲೆಕ್ಕಕ್ಕೇ ಬರಲ್ಲ. ಕ್ರಿಪ್ಟೋ ಪರ ಇದ್ದ ಆ ಚಿಕ್ಕಪ್ಪನ ಮಗ, ನನ್ನ ತಮ್ಮ, ಅದನ್ನೇ ಹೇಳಿದ, "ನೋಡಿ, ಉಳಿದದ್ದೆಲ್ಲ ಯಾಕೆ?"

ಇಲ್ಲಿಗೆ ನಿಲ್ಲಿಸಿದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಯಾಕಂದ್ರೆ ನಾನು ಆರಿಸಿದ ಅವಧಿ ಎಫ್‌ಡಿ ಬಿಟ್ಟು ಉಳಿದ ಮೂರಕ್ಕೂ ಒಳ್ಳೇ ಅವಧಿ. 2015ರ ಕೊನೆ ಅಂದ್ರೆ ಚಿನ್ನ ಪಾತಾಳ ಮುಟ್ಟಿದ ಕಾಲ, ಅಲ್ಲಿಂದ ಅಳೆದ್ರೆ ಏನಾದ್ರೂ ಚಂದ ಕಾಣತ್ತೆ. ಮೂರು ವರ್ಷ ಹಿಂದಕ್ಕೆ ಹೋಗಿ, 2012ರಿಂದ ಶುರು ಮಾಡಿ. 10 ಗ್ರಾಮಿಗೆ ಸುಮಾರು 31 ಸಾವಿರ ಇತ್ತು. 2018ರಲ್ಲೂ ಸುಮಾರು 31 ಸಾವಿರವೇ. ನಡುವೆ ಇಳಿದು ಮತ್ತೆ ಏರಿ ಅಲ್ಲಿಗೇ ಬಂತು. ಆ ಕಾಲದಲ್ಲಿ ಚಿನ್ನ ಇಟ್ಕೊಂಡವರು "ನಷ್ಟ ಏನಿಲ್ಲ, ಕೊಂಡ ರೇಟಲ್ಲೇ ಇದೆ" ಅಂತಿದ್ರು. ಆ ಆರು ವರ್ಷದಲ್ಲಿ ಸೂಚ್ಯಂಕ 100ರಿಂದ ಸುಮಾರು 138ಕ್ಕೆ ಹೋಗಿತ್ತು. 31 ಸಾವಿರವನ್ನ 1.38ರಿಂದ ಭಾಗಿಸಿದ್ರೆ 22,400. ಅಂದ್ರೆ ನೂರಕ್ಕೆ 28 ರೂಪಾಯಿ ನಷ್ಟ, ಯಾವ ದಿನವೂ ಯಾರ ಕಣ್ಣಿಗೂ ಕಾಣದೆ. ಚಿನ್ನದ ರೇಟು ಒಂದೇ ದಿನ 28 ಪರ್ಸೆಂಟ್ ಬಿದ್ದಿದ್ರೆ ಝವೇರಿ ಬಜಾರಲ್ಲಿ ಅಲ್ಲೋಲಕಲ್ಲೋಲ ಆಗ್ತಿತ್ತು.

ಶೇರಿಗೂ ಇಂಥದ್ದೇ ಕಾಲ ಬಂದಿತ್ತು, ಇನ್ನೂ ಕೆಟ್ಟದ್ದು. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು, ಆ ವರ್ಷದ ಅಕ್ಟೋಬರಿಗೆ 8 ಸಾವಿರದ ಆಸುಪಾಸಿಗೆ ಬಿತ್ತು, ಮತ್ತೆ ಏರಿ 2013ರ ನವೆಂಬರಲ್ಲಿ 21 ಸಾವಿರ ದಾಟಿ ಹಳೇ ದಾಖಲೆ ಮುರೀತು. ಆ ಹೆಚ್ಚುಕಮ್ಮಿ ಆರು ವರ್ಷದಲ್ಲಿ ಕಾರ್ಮಿಕರ ಬೆಲೆ ಸೂಚ್ಯಂಕ ಸುಮಾರು 80 ಪರ್ಸೆಂಟ್ ಏರಿತ್ತು, ಬೇಳೆ ತರಕಾರಿ ಎಲ್ಲಾ ಬೆಂಕಿ ಹತ್ತಿದ ಕಾಲ ಅದು. 2008ರ ತುದಿಯಲ್ಲಿ ಕೊಂಡವನು ನಿಜವಾಗಿ ಸಮ ಆಗ್ಬೇಕಾದ್ರೆ 2013ರಲ್ಲಿ ಸೆನ್ಸೆಕ್ಸ್ 38 ಸಾವಿರದ ಹತ್ತಿರ ಇರಬೇಕಿತ್ತು. 21 ಸಾವಿರ ಅಂದ್ರೆ ಅವನ ಪಾಲಿಗೆ 12 ಸಾವಿರಕ್ಕೂ ಕಮ್ಮಿ. ಡಿವಿಡೆಂಡ್ ವರ್ಷಕ್ಕೆ ಒಂದೋ ಒಂದೂವರೆನೋ ಪರ್ಸೆಂಟ್ ಬಂದಿರತ್ತೆ, ಅದು ಇಷ್ಟು ದೊಡ್ಡ ಹೊಂಡ ತುಂಬಲ್ಲ. "ಶೇರು ಬೆಲೆ ಏರಿಕೆಯನ್ನ ಸೋಲಿಸತ್ತೆ" ಅನ್ನೋ ಮಾತು ನಿಜಾನೇ, ಆದ್ರೆ ಹತ್ತು ಹದಿನೈದು ವರ್ಷಕ್ಕೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿದವನಿಗೆ. ಮಗಳ ಮದುವೆಗೆ ಅಂತ 5 ವರ್ಷಕ್ಕೆ ಹಾಕಿದವನಿಗೆ ಆ ಮಾತು ಗ್ಯಾರಂಟಿ ಅಲ್ಲ.

ಇನ್ನು ಕ್ರಿಪ್ಟೋ. ಬಿಟ್‌ಕಾಯಿನ್ ಬಗ್ಗೆ ಒಂದು ಮಾತು ತುಂಬಾ ಓಡತ್ತೆ, ಅದು ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಇರೋಕೆ ಸಾಧ್ಯ ಇಲ್ಲ, ಸರ್ಕಾರ ನೋಟು ಅಚ್ಚು ಹಾಕಿದ ಹಾಗೆ ಹಾಕೋಕೆ ಆಗಲ್ಲ, ಹಾಗಾಗಿ ಬೆಲೆ ಏರಿಕೆಗೆ ಇದೇ ಮದ್ದು ಅಂತ. ಈ ಮದ್ದು ಕೆಲಸ ಮಾಡತ್ತಾ ಅಂತ ನೋಡೋಕೆ 2022ಕ್ಕಿಂತ ಒಳ್ಳೇ ವರ್ಷ ಸಿಗಲ್ಲ. ಆ ಜೂನಲ್ಲಿ ಅಮೆರಿಕದ ಬೆಲೆ ಏರಿಕೆ 9.1 ಪರ್ಸೆಂಟ್, 40 ವರ್ಷದಲ್ಲೇ ಹೆಚ್ಚು. ಮದ್ದು ಬೇಕಾದ ಆ ವರ್ಷದಲ್ಲೇ ಬಿಟ್‌ಕಾಯಿನ್ ಮೂರರಲ್ಲಿ ಎರಡು ಪಾಲಿನಷ್ಟು ಬಿತ್ತು. ಬೆಲೆ ಏರಿಕೆ ತಡೆಯೋಕೆ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಬಡ್ಡಿ ಏರಿಸಿತು, ಜನ ರಿಸ್ಕ್ ಇರೋ ಎಲ್ಲದರಿಂದ ದುಡ್ಡು ಎಳೆದ್ರು, ಮೊದಲು ಎಳೆದಿದ್ದು ಇದರಿಂದ. ಸಂಖ್ಯೆ ಮಿತಿ ಇದ್ರೆ ಸಾಲದು, ಕೊಳ್ಳೋರು ಇರಬೇಕಲ್ಲ.

ತಮ್ಮ 2021ರ ನವೆಂಬರಲ್ಲಿ, 69 ಸಾವಿರ ಡಾಲರ್ ಹತ್ತಿರ ಇದ್ದಾಗ, 2 ಲಕ್ಷ ಹಾಕಿದ್ದ. ಒಂದು ವರ್ಷದಲ್ಲಿ 55 ಸಾವಿರದ ಆಸುಪಾಸಿಗೆ ಬಂತು. ಪಾಪ, ಅವನು ಮಾರದೆ ಹಿಡ್ಕೊಂಡ, 2024ರ ಶುರುವಲ್ಲಿ ಮತ್ತೆ 2 ಲಕ್ಷ ಆಯ್ತು, ಸ್ವಲ್ಪ ದಿನಕ್ಕೆ 2 ಲಕ್ಷ 20 ಸಾವಿರ ಆದಾಗ ಮಾರಿದ. ಲಾಭ 20 ಸಾವಿರ ಅಂತ ಮನೆಗೆ ಸ್ವೀಟ್ ತಂದ. ಅಷ್ಟೊತ್ತಿಗೆ ಇಲ್ಲಿನ ಬೆಲೆಗಳು 11 ಪರ್ಸೆಂಟಿನಷ್ಟು ಏರಿದ್ದವು, ಅಂದ್ರೆ ಹಾಕಿದ 2 ಲಕ್ಷ ಸಮ ಆಗೋಕೇ 2 ಲಕ್ಷ 22 ಸಾವಿರ ಬೇಕಿತ್ತು. ನಿಜವಾದ ಲಾಭ ಇಲ್ಲ. ಆದ್ರೆ ಟ್ಯಾಕ್ಸ್ 20 ಸಾವಿರದ ಮೇಲೆ ಬಂತು, ಕ್ರಿಪ್ಟೋಗೆ ನೇರ 30 ಪರ್ಸೆಂಟ್, ಸೆಸ್ ಸೇರಿ 6,240. ಬೇರೆ ಕಾಯಿನಲ್ಲಿ ಆದ ನಷ್ಟವನ್ನ ಇದರಲ್ಲಿ ಕಳೆಯೋಕೂ ಕಾನೂನು ಬಿಡಲ್ಲ. ಇಲ್ಲದ ಲಾಭಕ್ಕೆ ಟ್ಯಾಕ್ಸ್ ಕಟ್ಟೋದು ಅಂದ್ರೆ ಇದೇ.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳ್ಬೇಕು. ಕ್ರಿಪ್ಟೋ ವಿಷಯದಲ್ಲಿ ಬೆಲೆ ಏರಿಕೆಯ ಲೆಕ್ಕ ಎರಡನೇ ಮಾತು. ವರ್ಷಕ್ಕೆ ನಾಲ್ಕರಲ್ಲಿ ಮೂರು ಪಾಲು ಬೀಳಬಹುದಾದ ವಸ್ತುವಿಗೆ 5 ಪರ್ಸೆಂಟ್ ಕಳೀಬೇಕಾ ಬೇಡ್ವಾ ಅಂತ ಕೂತ್ಕೊಳ್ಳೋದರಲ್ಲಿ ಅರ್ಥ ಇಲ್ಲ. ಈ ಲೆಕ್ಕ ಹೆಚ್ಚು ಬೇಕಾಗೋದು ನಿಧಾನಕ್ಕೆ ನಡೆಯೋ ವಸ್ತುಗಳಿಗೆ, ಎಫ್‌ಡಿಗೆ, ಏರದೇ ನಿಂತ ಚಿನ್ನಕ್ಕೆ, ಯಾಕಂದ್ರೆ ಅಲ್ಲಿ ನಷ್ಟ ಸದ್ದು ಮಾಡಲ್ಲ.

ಈಗ ದೊಡ್ಡಮ್ಮನ ಕ್ಯಾಲೆಂಡರಿಗೆ ವಾಪಸ್. 11,200 ಹೋಗಿ 17,300 ಆಗಿದ್ದು 1.54 ಪಟ್ಟು, ಸರ್ಕಾರದ ಲೆಕ್ಕ 1.47. ಸರ್ಕಾರ ಸುಳ್ಳು ಹೇಳ್ತಿದೆ ಅಂತ ದೊಡ್ಡಪ್ಪ ಅಂದ್ರು, ಹಾಗಲ್ಲ. ಸೂಚ್ಯಂಕ ಅನ್ನೋದು ಇಡೀ ದೇಶದ ಸರಾಸರಿ ಸಂಸಾರದ ಚೀಲ. 2012ನ್ನ 100 ಅಂತ ಹಿಡಿದ ಸರಣಿಯಲ್ಲಿ ಆ ಚೀಲದ ನೂರಕ್ಕೆ 46 ಪಾಲು ಊಟ ತಿಂಡಿಯದ್ದು. ನಾವು ಸಾಲು ಸಾಲಾಗಿ ಹಾಳೆ ನೋಡ್ತಾ ಹೋದ್ವಿ, ಕಿರಾಣಿ, ಹಾಲು ಎಲ್ಲಾ ಸರ್ಕಾರದ ಲೆಕ್ಕದ ಆಸುಪಾಸಲ್ಲೇ ಇತ್ತು. ಏರಿದ್ದು ಔಷಧಿ, 900 ಇದ್ದದ್ದು 2,600. ಬಿಪಿ, ಶುಗರ್ ಎರಡೂ ಬಂದಿದೆ ಇಬ್ಬರಿಗೂ. ಇದರಲ್ಲಿ ಸ್ವಲ್ಪ ಬೆಲೆ ಏರಿಕೆ, ಸ್ವಲ್ಪ ವಯಸ್ಸು. ಅದೇ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಓಡಾಡೋ ಹುಡುಗನಿಗೆ ಲೋಕಲ್ ಟ್ರೇನಿನ ಸೆಕೆಂಡ್ ಕ್ಲಾಸ್ ಪಾಸಿನ ದರ ವರ್ಷಗಟ್ಟಲೆ ಏರೇ ಇಲ್ಲ, ಅವನ ಚೀಲ ಬೇರೆ. ಮಕ್ಕಳ ಸ್ಕೂಲ್ ಫೀಸ್ ಕಟ್ಟೋ ಬಾಡಿಗೆ ಮನೆಯವರ ಚೀಲ ಇನ್ನೂ ಬೇರೆ. ಹಾಗಾಗಿ ಸರ್ಕಾರದ ನಂಬರಿಂದ ಶುರು ಮಾಡಿ, ನಿಮ್ಮ ಮನೆಯಲ್ಲಿ ಅದಕ್ಕಿಂತ ಜೋರಾಗಿ ಏರೋದು ಯಾವುದು ಅಂತ ನೋಡಿ ಅರ್ಧವೋ ಒಂದೋ ಪರ್ಸೆಂಟ್ ಸೇರಿಸ್ಕೊಳ್ಳಿ. ವಯಸ್ಸಾದೋರ ಮನೆಗೆ ನಾನಂತೂ ಒಂದು ಸೇರಿಸ್ತೀನಿ.

ಇನ್ನೊಂದು ಕಡೆ ಜನ ಎಡವೋದು ಯಾವ ವರ್ಷದ ಬೆಲೆ ಏರಿಕೆ ಕಳೀಬೇಕು ಅನ್ನೋದರಲ್ಲಿ. 2025ರ ಅಕ್ಟೋಬರಲ್ಲಿ ಬೆಲೆ ಏರಿಕೆ 0.25 ಪರ್ಸೆಂಟ್ ಅಂತ ಬಂತು, ತರಕಾರಿ ಬೇಳೆ ಹಿಂದಿನ ವರ್ಷಕ್ಕಿಂತ ಅಗ್ಗ ಆಗಿದ್ದಕ್ಕೆ. ಆ ವರ್ಷ ರಿಸರ್ವ್ ಬ್ಯಾಂಕ್ ರೆಪೊ ಇಳಿಸ್ತಾ ಬಂದಿದ್ದರಿಂದ ಎಫ್‌ಡಿ ರೇಟೂ ಇಳೀತು, ದೊಡ್ಡಪ್ಪ ಬೇಜಾರು ಮಾಡ್ಕೊಂಡ್ರು. ಆದ್ರೆ ಹಿಂದಿನ ವರ್ಷಗಳಲ್ಲಿ 7ಕ್ಕೆ ಇಟ್ಟವರಿಗೆ ಅದು ನಿಜವಾದ ಗಳಿಕೆ 6ಕ್ಕಿಂತ ಹೆಚ್ಚು ಬಂದ ಕಾಲ, ಎಫ್‌ಡಿಗೆ ಅಂಥ ಒಳ್ಳೇ ದಿನ ಅಪರೂಪ. ಇದನ್ನ ನೋಡಿ ಎಫ್‌ಡಿ ಭಾರಿ ಲಾಭ ಅಂತ ಹೊಸದಾಗಿ 5 ವರ್ಷಕ್ಕೆ ಹಾಕೋದು ತಪ್ಪು ಲೆಕ್ಕ, ಇವತ್ತು ಇಡೋ ದುಡ್ಡಿನಿಂದ ಕಳೀಬೇಕಾದ್ದು ಮುಂದಿನ 5 ವರ್ಷದ ಬೆಲೆ ಏರಿಕೆ, ಕಳೆದ ತಿಂಗಳದ್ದಲ್ಲ. ಮುಂದಿನದ್ದು ಯಾರಿಗೂ ಗೊತ್ತಿಲ್ಲ, ಆದ್ರೆ ರಿಸರ್ವ್ ಬ್ಯಾಂಕಿನ ಗುರಿ 4 ಪರ್ಸೆಂಟ್, ಎರಡು ಹೆಚ್ಚು ಎರಡು ಕಮ್ಮಿ ಅಂತ ಇದೆ, ನಾನು ನಮ್ಮ ಮನೆ ಲೆಕ್ಕಕ್ಕೆ 5 ಹಿಡೀತೀನಿ.

ಅವತ್ತು ಕೊನೆಗೆ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಈಗ ನಾನು ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು, ಅದು ಹೇಳು." 70 ವರ್ಷ ಅವರಿಗೆ. ಈ ನಿಜವಾದ ಗಳಿಕೆಯ ಲೆಕ್ಕ ಕಲಿತರೆ ಈ ಪ್ರಶ್ನೆ ಸುಲಭ ಆಗತ್ತೆ, ಯಾಕಂದ್ರೆ ಮುಂದಿನ 20 ವರ್ಷದ ಬೆಲೆ ಊಹಿಸೋದು ಬೇಡ, ಎಲ್ಲಾನೂ ಇವತ್ತಿನ ರೂಪಾಯಿಯಲ್ಲೇ ಇಟ್ಕೊಂಡ್ರೆ ಆಯ್ತು. 7 ಬಡ್ಡಿ, 5 ಬೆಲೆ ಏರಿಕೆ ಅಂತ ಹಿಡಿದ್ರೆ ನಿಜವಾಗಿ 2. ಟ್ಯಾಕ್ಸ್ ಸೊನ್ನೆ. ಅಸಲು ಇವತ್ತಿನ ಬೆಲೆಯಲ್ಲಿ ಒಂದಿಷ್ಟೂ ಸವೆಯಬಾರದು ಅಂದ್ರೆ 20 ಲಕ್ಷಕ್ಕೆ 2 ಪರ್ಸೆಂಟ್, ವರ್ಷಕ್ಕೆ 40 ಸಾವಿರ, ತಿಂಗಳಿಗೆ 3,300. ಇದು ಕೇಳಿ ದೊಡ್ಡಮ್ಮನ ಮುಖ ಸಣ್ಣಗಾಯ್ತು. ಆದ್ರೆ ಅಸಲು ಯಾಕೆ ಪೂರ್ತಿ ಉಳೀಬೇಕು, ಮಗ ಚೆನ್ನಾಗಿ ದುಡೀತಿದ್ದಾನೆ, ಈ ದುಡ್ಡು ಇವರಿಬ್ಬರದ್ದು. 90 ವರ್ಷದವರೆಗೆ ಪೂರ್ತಿ ಮುಗಿಸ್ಕೊಳ್ಳೋ ಹಾಗೆ ಅಂದ್ರೆ ಮೊಬೈಲಿನ ಶೀಟಲ್ಲಿ ನಿಜವಾದ ಗಳಿಕೆ, ವರ್ಷ, ಅಸಲು ಅಂತ ಇಷ್ಟು ಹಾಕಿದ್ರೆ ಸಾಕು:

```
=PMT(2%,20,-2000000)
```

ಬಂದಿದ್ದು ವರ್ಷಕ್ಕೆ 1,22,313. ತಿಂಗಳಿಗೆ 10,200, ಅದೂ ಇವತ್ತಿನ ಬೆಲೆಯಲ್ಲಿ, ಅಂದ್ರೆ ಪ್ರತಿ ವರ್ಷ ಬೆಲೆ ಏರಿದಷ್ಟು ಈ ಮೊತ್ತವನ್ನೂ ಏರಿಸ್ಕೊಳ್ಳಬಹುದು. ಮೊದಲ ವರ್ಷಗಳಲ್ಲಿ ಬಡ್ಡಿ 11,600 ಬಂದ್ರೂ 10,200 ಮಾತ್ರ ತೆಗೆದು ಬಾಕಿ ಒಳಗೇ ಬಿಡಬೇಕು, ಆಮೇಲಾಮೇಲೆ ಬಡ್ಡಿ ಸಾಲದೆ ಅಸಲಿಂದ ತೆಗೀಬೇಕಾಗತ್ತೆ, ಆಗ ಹೆದರಬಾರದು, ಲೆಕ್ಕದಲ್ಲಿ ಅದು ಮೊದಲೇ ಸೇರಿದೆ. ಟ್ಯಾಕ್ಸ್ ಹೋಗಿ ನಿಜವಾದ ಗಳಿಕೆ ಸೊನ್ನೆ ಆಗೋ ಸ್ಲ್ಯಾಬಲ್ಲಿ ಅವರಿದ್ದಿದ್ರೆ ಇದೇ 10,200 ಇದ್ದದ್ದು 8,333 ಆಗ್ತಿತ್ತು.

ಖರ್ಚು ಈಗ 18 ಸಾವಿರದ ಹತ್ತಿರ ಇದೆ. 10,200 ಇಲ್ಲಿಂದ, ಬಾಕಿ ಸುಮಾರು 8,000ವನ್ನ ಮಗ ತಿಂಗಳು ತಿಂಗಳು ಹಾಕ್ತೀನಿ ಅಂದ, ಮತ್ತೆ ಅದನ್ನೂ ವರ್ಷಕ್ಕೊಂದು ಸಲ ಕ್ಯಾಲೆಂಡರ್ ನೋಡಿ ಏರಿಸ್ತೀನಿ ಅಂತ ತಾನಾಗೇ ಹೇಳಿದ. ದೊಡ್ಡಪ್ಪ ರಸೀದಿಯನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಲ್ಲಿಟ್ರು. ದೊಡ್ಡಮ್ಮ ಪೆನ್ ತಗೊಂಡು ಆ ತಿಂಗಳ ಹಾಳೆಯ ಹಿಂದೆ, ಹಾಲಿನ ಲೆಕ್ಕದ ಕೆಳಗೆ, 10,200 ಅಂತ ಬರೆದು ಅಡಿಗೆರೆ ಎಳೆದ್ರು.